ಎರಡು ಬ್ರಾಕೆಟ್‌ಗಳ ನಡುವಿನ ಮೂರಕ್ಷರ

ಅಣ್ಣನ ಮಗಳು ಬಿ.ಕಾಂ. ಮುಗಿಸಿ, ಪ್ರವಾಸ ಏರ್ಪಡಿಸುವ ಒಂದು ಸಣ್ಣ ಕಚೇರಿಗೆ ಕೆಲಸಕ್ಕೆ ಸೇರಿದ್ದಳು. ಸೇರಿದ ಎರಡನೇ ವಾರ, ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮನೆಗೆ ಬಂದಳು. ಎಕ್ಸೆಲ್ ಹಾಳೆಯಲ್ಲಿ ಸುಮಾರು ನಾನೂರು ಸಾಲು. ಪ್ರತಿ ಸಾಲಿನ ಒಂದೇ ಸೆಲ್‌ನಲ್ಲಿ ರೈಲು ನಿಲ್ದಾಣದ ಹೆಸರು, ಅದಕ್ಕಂಟಿಕೊಂಡಂತೆ ಬ್ರಾಕೆಟ್ಟಿನೊಳಗೆ ರೈಲ್ವೆಯವರ ಕೋಡು. ಮೊದಲ ನಾಲ್ಕು ಸಾಲು ಹೀಗಿದ್ದವು:

```
A2   ಹುಬ್ಬಳ್ಳಿ (UBL)
A3   ಅರಸೀಕೆರೆ (ASK)
A4   ತುಮಕೂರು (TK)
A5   ಕಲಬುರಗಿ (KLBG)
```

"ಚಿಕ್ಕಪ್ಪ, ಕೋಡ್ ಮಾತ್ರ ಪಕ್ಕದ ಕಾಲಮ್ಮಿಗೆ ಬರಬೇಕು. ಒಂದೊಂದೇ ಟೈಪ್ ಮಾಡ್ತಾ ಕೂತ್ರೆ ರಾತ್ರಿಯೆಲ್ಲ ಹಿಡಿಯುತ್ತೆ" ಅಂದಳು.

ಅವಳು ಆಗಲೇ ಒಂದು ಪ್ರಯತ್ನ ಮಾಡಿದ್ದಳು. ಕೋಡು ಸಾಲಿನ ಬಲತುದಿಯಲ್ಲಿದೆ, ಹಾಗಾಗಿ ಬಲಗಡೆಯಿಂದ ನಾಲ್ಕಕ್ಷರ ಕತ್ತರಿಸೋಣ ಎಂದು RIGHT ಬಳಸಿದ್ದಳು. ಹುಬ್ಬಳ್ಳಿಗೆ UBL) ಎಂದು ಬಂತು, ಕೊನೆಯ ಬ್ರಾಕೆಟ್ ಅಳಿಸಿದರೆ ಸರಿಹೋಗುತ್ತಿತ್ತು. ಆದರೆ ತುಮಕೂರಿನ ಕೋಡು ಎರಡೇ ಅಕ್ಷರದ್ದು, ಹಾಗಾಗಿ ಅಲ್ಲಿ (TK) ಎಂದು ಎರಡೂ ಬ್ರಾಕೆಟ್ ಸಮೇತ ಬಂತು. ಕಲಬುರಗಿಯದು ನಾಲ್ಕಕ್ಷರ, ಅಲ್ಲಿ LBG) ಎಂದು ತಲೆಯೇ ಹಾರಿಹೋಯಿತು. ಕೋಡಿನ ಉದ್ದ ಸಾಲಿನಿಂದ ಸಾಲಿಗೆ ಬದಲಾಗುವಾಗ ಇಷ್ಟೇ ಅಕ್ಷರ ಎಂದು ಮೊದಲೇ ಹೇಳಿಬಿಡುವ ಯಾವ ಸೂತ್ರವೂ ನಿಲ್ಲುವುದಿಲ್ಲ. ಸಾಲಿನಿಂದ ಸಾಲಿಗೆ ಬದಲಾಗದೆ ಉಳಿದಿರುವುದು ಆ ಎರಡು ಬ್ರಾಕೆಟ್‌ಗಳು ಮಾತ್ರ. ಆದ್ದರಿಂದ ಎಲ್ಲಿ ಶುರು, ಎಲ್ಲಿ ಕೊನೆ ಎಂಬುದನ್ನು ಅವುಗಳನ್ನೇ ಕೇಳಿ ತಿಳಿದುಕೊಳ್ಳಬೇಕು.

ನಡುವಿನಿಂದ ಕತ್ತರಿಸುವ ಕತ್ತರಿ ಎಕ್ಸೆಲ್‌ನಲ್ಲಿದೆ. ಅದರ ಹೆಸರು MID. ಅದಕ್ಕೆ ಮೂರು ಸಂಗತಿ ತಿಳಿಸಬೇಕು: ಯಾವ ಸೆಲ್, ಎಷ್ಟನೇ ಅಕ್ಷರದಿಂದ, ಎಷ್ಟು ಅಕ್ಷರ. ಇದನ್ನು ಹೇಳಿದ ತಕ್ಷಣ ಅವಳು ಹುಬ್ಬಳ್ಳಿಯ ಸಾಲನ್ನು ಬೆರಳು ಮಡಚಿ ಎಣಿಸಿದಳು. ಹು, ಬ್ಬ, ಳ್ಳಿ ಮೂರು, ಖಾಲಿ ಜಾಗ ನಾಲ್ಕನೆಯದು, ಬ್ರಾಕೆಟ್ ಐದನೆಯದು, ಹಾಗಾದರೆ U ಇರುವುದು ಆರನೆಯ ಸ್ಥಾನದಲ್ಲಿ. ಹೀಗೆ ಬರೆದಳು:

```
=MID(A2,6,3)
```

ಬಂದ ಉತ್ತರ UBL ಅಲ್ಲ, "ಳ್ಳ". ಅವಳು ಬೆಚ್ಚಿ ನನ್ನ ಮುಖ ನೋಡಿದಳು.

ಕನ್ನಡದಲ್ಲಿ ಪಟ್ಟಿ ಮಾಡುವ ಪ್ರತಿಯೊಬ್ಬರೂ ಒಮ್ಮೆ ನಿಂತು ನೋಡಬೇಕಾದ ಜಾಗ ಇದು. ನಾವು ಅಕ್ಷರ ಎನ್ನುವುದು ಬಾಯಲ್ಲಿ ಒಂದೇ ಉಸಿರಿಗೆ ಬರುವ ಗುಂಪನ್ನು. ಒಂದನೇ ತರಗತಿಯಲ್ಲಿ ಕಲಿತ ಎಣಿಕೆ ಅದು. ಕಂಪ್ಯೂಟರಿನ ಯುನಿಕೋಡ್‌ನಲ್ಲಿ ಹಾಗಲ್ಲ. ವ್ಯಂಜನ ಒಂದು, ಅದಕ್ಕೆ ಹತ್ತಿದ ಸ್ವರಚಿಹ್ನೆ ಇನ್ನೊಂದು, ಒತ್ತಕ್ಷರ ಮಾಡುವ ವಿರಾಮಚಿಹ್ನೆ ಮತ್ತೊಂದು. ಹುಬ್ಬಳ್ಳಿ ಎಂಬುದನ್ನು ಎಕ್ಸೆಲ್ ಎಣಿಸುವುದು ಹೀಗೆ: ಹ, ಉಕಾರದ ಕೊಂಬು, ಬ, ವಿರಾಮ, ಬ, ಳ, ವಿರಾಮ, ಳ, ಇಕಾರದ ಗುಡಿಸು. ಒಟ್ಟು ಒಂಬತ್ತು. ನಂಬಿಕೆ ಬರದಿದ್ದರೆ ಒಂದು ಖಾಲಿ ಸೆಲ್‌ನಲ್ಲಿ =LEN("ಹುಬ್ಬಳ್ಳಿ") ಎಂದು ಬರೆದು ನೋಡಿ, 9 ಎಂದೇ ಬರುತ್ತದೆ. ಆ ಎಣಿಕೆಯಲ್ಲಿ ಆರು, ಏಳು, ಎಂಟನೆಯವು ಳ, ವಿರಾಮ, ಳ. ಸೇರಿಸಿ ಓದಿದರೆ "ಳ್ಳ". ಎಕ್ಸೆಲ್ ತಪ್ಪು ಮಾಡಿರಲಿಲ್ಲ. ಕೇಳಿದ್ದನ್ನೇ ಕೊಟ್ಟಿತ್ತು, ಆದರೆ ಅದರ ಲೆಕ್ಕದ ಅಳತೆ ಬೇರೆ.

ಕೃಷ್ಣಮೂರ್ತಿ ಎಂಬ ಹೆಸರನ್ನೇ ನೋಡಿ. ಬಾಯಲ್ಲಿ ನಾಲ್ಕಕ್ಷರ, ಎಕ್ಸೆಲ್‌ಗೆ ಹನ್ನೊಂದು. ಹಾಗಾಗಿ ಕನ್ನಡ ಇರುವ ಸೆಲ್‌ನಲ್ಲಿ ಕಣ್ಣಳತೆಯಲ್ಲಿ ಎಣಿಸಿ MIDಗೆ ಸಂಖ್ಯೆ ಕೊಡುವುದು ಎಂದೂ ಕೂಡದು. ಎಣಿಸುವ ಕೆಲಸವನ್ನೂ ಎಕ್ಸೆಲ್‌ಗೇ ಬಿಡಬೇಕು. ಆ ಕೆಲಸಕ್ಕಿರುವುದು FIND.

FIND ಕೇಳುವುದು ಯಾವುದನ್ನು ಹುಡುಕಬೇಕು, ಎಲ್ಲಿ ಹುಡುಕಬೇಕು ಎಂದು. ಹೇಳುವುದು ಅದು ಎಷ್ಟನೆಯ ಸ್ಥಾನದಲ್ಲಿದೆ ಎಂದು, ಒಂದು ಸಂಖ್ಯೆ ಮಾತ್ರ.

```
=FIND("(",A2)
=FIND(")",A2)
```

ಹುಬ್ಬಳ್ಳಿಯ ಸಾಲಿಗೆ ಮೊದಲನೆಯದು 11 ಕೊಟ್ಟಿತು, ಎರಡನೆಯದು 15. ಲೆಕ್ಕ ಹಾಕಿ: ಹೆಸರಿಗೆ ಒಂಬತ್ತು, ಖಾಲಿ ಜಾಗ ಹತ್ತನೆಯದು, ತೆರೆಯುವ ಬ್ರಾಕೆಟ್ ಹನ್ನೊಂದನೆಯದು, UBL ಹನ್ನೆರಡರಿಂದ ಹದಿನಾಲ್ಕು, ಮುಚ್ಚುವ ಬ್ರಾಕೆಟ್ ಹದಿನೈದು. FIND ಮತ್ತು MID ಎರಡೂ ಎಣಿಸುವುದು ಒಂದೇ ರೀತಿಯಲ್ಲಿ. ವಿರಾಮವನ್ನು FIND ಒಂದು ಎಂದು ಲೆಕ್ಕ ಹಿಡಿದರೆ MID ಕೂಡ ಒಂದು ಎಂದೇ ಹಿಡಿಯುತ್ತದೆ. ಅಕ್ಷರ ಒಡೆದು ಬರೆಯಲು ನಾವು ನಡುವೆ ಹಾಕುವ, ಕಣ್ಣಿಗೆ ಕಾಣದ ಸಂಕೇತವಿದ್ದರೂ ಅಷ್ಟೆ, ಇಬ್ಬರ ಲೆಕ್ಕವೂ ತಾಳೆಯಾಗುತ್ತದೆ. ಹೆಸರು ಕನ್ನಡದಲ್ಲಿದ್ದರೂ ಈ ಜೋಡಿ ಒಂದು ಕೂದಲೂ ತಪ್ಪದೆ ಕತ್ತರಿಸುವುದು ಇದೇ ಕಾರಣಕ್ಕೆ.

ಈಗ 11 ಮತ್ತು 15 ಕೈಯಲ್ಲಿವೆ. MIDಗೆ ಬೇಕಾದದ್ದು ಎಲ್ಲಿಂದ ಶುರು ಮತ್ತು ಎಷ್ಟು ಎಂಬೆರಡು. ಶುರು ಆಗಬೇಕಾದದ್ದು ಬ್ರಾಕೆಟ್ಟಿನಿಂದಲ್ಲ, ಅದರ ಮುಂದಿನದರಿಂದ. ಆದ್ದರಿಂದ 11ಕ್ಕೆ ಒಂದು ಕೂಡಿಸಿ 12. ಎಷ್ಟು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. 15ರಲ್ಲಿ 11 ಕಳೆದರೆ 4, ಆದರೆ ಕೋಡಿನಲ್ಲಿರುವುದು ಮೂರೇ ಅಕ್ಷರ. ಒಂದು ಬೀದಿಯನ್ನು ನೆನೆದುಕೊಳ್ಳಿ. 11ನೇ ನಂಬರಿನ ಮನೆ ನಿಮ್ಮದು, 15ನೇ ನಂಬರಿನದು ನಿಮ್ಮ ಅಕ್ಕನದು. ನಡುವೆ ಇರುವ ಮನೆಗಳು 12, 13, 14. ಕಳೆದಾಗ ಬರುವ ನಾಲ್ಕು, ಅಕ್ಕನ ಮನೆಗೆ ನೀವು ನಡೆಯುವ ಹೆಜ್ಜೆಯ ಲೆಕ್ಕ; ಕೊನೆಯ ಹೆಜ್ಜೆ ಬೀಳುವುದು ಅಕ್ಕನ ಮನೆಯ ಬಾಗಿಲಿನಲ್ಲೇ. ನಡುವಿನ ಮನೆಗಳಷ್ಟೇ ಬೇಕಾದರೆ ಇನ್ನೂ ಒಂದನ್ನು ಕಳೆಯಬೇಕು.

ಅಣ್ಣನ ಮಗಳಿಗೆ ಇದನ್ನು ಹೇಳಿ ಸುಮ್ಮನಾಗಲಿಲ್ಲ, ತಪ್ಪಿಸಿ ತೋರಿಸಿದೆ. ಕೊನೆಯ ಒಂದನ್ನು ಕಳೆಯುವುದು ಮರೆತರೆ UBL) ಎಂದು ಬರುತ್ತದೆ. ಶುರುವಿಗೆ ಒಂದು ಕೂಡಿಸುವುದು ಮರೆತರೆ (UB ಎಂದು ಬರುತ್ತದೆ. ಹಾಗಾಗಿ ಉತ್ತರವನ್ನು ನೋಡಿಯೇ ಎಲ್ಲಿ ತಪ್ಪಿದೆ ಎಂದು ಹೇಳಬಹುದು: ಬಲಗಡೆ ಬ್ರಾಕೆಟ್ ಉಳಿದುಕೊಂಡಿದ್ದರೆ ಅಳತೆ ತಪ್ಪಿದೆ, ಎಡಗಡೆ ಉಳಿದುಕೊಂಡಿದ್ದರೆ ಶುರು ತಪ್ಪಿದೆ.

ಎಲ್ಲವನ್ನೂ ಒಂದೇ ಸೂತ್ರದಲ್ಲಿ ತುರುಕಿದರೆ ಹೀಗಾಗುತ್ತದೆ:

```
=MID(A2,FIND("(",A2)+1,FIND(")",A2)-FIND("(",A2)-1)
```

ಪುಸ್ತಕಗಳಲ್ಲಿ, ಗೆಳೆಯರ ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ. ವಾಟ್ಸಾಪ್ ಅಥವಾ ವರ್ಡ್ ಕಡತದಿಂದ ತಂದು ಅಂಟಿಸುವಾಗ ಒಂದನ್ನು ನೋಡಿಕೊಳ್ಳಿ: ನೇರವಾಗಿರಬೇಕಾದ ಉದ್ಧರಣ ಚಿಹ್ನೆಗಳು ಕೆಲವೊಮ್ಮೆ ಬಾಗಿದ ಅಲಂಕಾರದ ಚಿಹ್ನೆಗಳಾಗಿ ಬಂದಿರುತ್ತವೆ, ಆಗ ಸೂತ್ರ ಕೆಲಸ ಮಾಡುವುದಿಲ್ಲ. ಅವನ್ನು ಅಳಿಸಿ ಕೀಲಿಮಣೆಯಿಂದಲೇ ಮತ್ತೆ ಒತ್ತಬೇಕು.

ಈ ಉದ್ದನೆಯ ಸೂತ್ರವನ್ನು ಕಲಿಯುವವರಿಗೆ ಮೊದಲ ದಿನವೇ ಕೊಡುವುದು ನನಗಿಷ್ಟವಿಲ್ಲ. ಅದನ್ನು ಬಾಯಿಪಾಠ ಮಾಡಬಹುದು, ಆದರೆ ಕೆಟ್ಟಾಗ ಬಿಚ್ಚಿ ನೋಡಲಾಗುವುದಿಲ್ಲ. ಅದರ ಬದಲು ಮೂರು ಕಾಲಮ್ ಬಳಸಿದೆವು. B ಕಾಲಮ್ಮಿನಲ್ಲಿ ತೆರೆಯುವ ಬ್ರಾಕೆಟ್ಟಿನ ಸ್ಥಾನ, Cಯಲ್ಲಿ ಮುಚ್ಚುವುದರ ಸ್ಥಾನ, Dಯಲ್ಲಿ ಕತ್ತರಿಸಿದ ಕೋಡು.

```
B2   =FIND("(",A2)
C2   =FIND(")",A2)
D2   =MID(A2,B2+1,C2-B2-1)
```

ಮೂರನ್ನೂ ಆಯ್ದು, ಬಲಮೂಲೆಯ ಕೆಳಗಿರುವ ಚಿಕ್ಕ ಚೌಕವನ್ನು ಹಿಡಿದು ಕೆಳಗೆ ಎಳೆದರೆ ನಾನೂರು ಸಾಲಿಗೂ ಹರಡುತ್ತದೆ. ತುಮಕೂರಿನ ಸಾಲಿನಲ್ಲಿ 9 ಮತ್ತು 12, ನಡುವೆ ಎರಡು, ಉತ್ತರ TK. ಕಲಬುರಗಿಯಲ್ಲಿ 9 ಮತ್ತು 14, ನಡುವೆ ನಾಲ್ಕು, ಉತ್ತರ KLBG. ಎರಡು ಊರಿನ ಹೆಸರೂ ಎಕ್ಸೆಲ್ ಲೆಕ್ಕದಲ್ಲಿ ಏಳೇಳು. ಶುರು ಒಂದೇ ಕಡೆ, ಅಳತೆ ಮಾತ್ರ ಬೇರೆ. ಅದು ಕಣ್ಣೆದುರಿಗೇ ಸಂಖ್ಯೆಯಲ್ಲಿ ಕಂಡಾಗ ಅವಳಿಗೆ ಸೂತ್ರ ಅರ್ಥವಾಯಿತು.

ಕೆಳಗೆ ಸರಿಸುತ್ತ ಹೋದಂತೆ ಸುಮಾರು ಅರವತ್ತನೇ ಸಾಲಿನಿಂದ ಮುಂದಕ್ಕೆ ಸಾಲುಸಾಲಾಗಿ #VALUE! ಕಾಣಿಸಿಕೊಂಡಿತು. ಆ ಭಾಗವನ್ನು ಬೇರೆ ಯಾರೋ ತಯಾರಿಸಿದ್ದರು, ಮತ್ತು ಅವರು ನಮ್ಮಲ್ಲಿ ಎಲ್ಲರೂ ಮಾಡುವ ಹಾಗೆ ಕ್ರಮಸಂಖ್ಯೆ ಹಾಕಿದ್ದರು:

```
1) ಅರಸೀಕೆರೆ (ASK)
```

ಮುಚ್ಚುವ ಬ್ರಾಕೆಟ್ ಹುಡುಕಲು ಹೇಳಿದಾಗ FIND ಎಡಗಡೆಯಿಂದ ನಡೆದುಬಂದು, ಎರಡನೆಯ ಸ್ಥಾನದಲ್ಲೇ ಒಂದನ್ನು ಕಂಡು ಅಲ್ಲಿಗೇ ನಿಂತುಬಿಟ್ಟಿತು. ತೆರೆಯುವ ಬ್ರಾಕೆಟ್ ಇರುವುದು 13ರಲ್ಲಿ. 2ರಲ್ಲಿ 13 ಕಳೆದು ಇನ್ನೂ ಒಂದು ಕಳೆದರೆ ಮೈನಸ್ 12. ಮೈನಸ್ 12 ಅಕ್ಷರ ಕತ್ತರಿಸು ಎಂದರೆ MID ಏನು ಮಾಡೀತು, #VALUE! ಎಂದು ಕೈಚೆಲ್ಲಿತು. ಇಲ್ಲಿ ಕಾಲಮ್ಮುಗಳ ಉಪಯೋಗ ಕಂಡಿತು. Bಯಲ್ಲಿ 13, Cಯಲ್ಲಿ 2 ಎಂದು ಬರೆದಿರುವುದನ್ನು ನೋಡಿದ ಕೂಡಲೇ "ಮುಚ್ಚೋದು ಮೊದಲು ಬಂದಿದೆ, ತೆರೆಯೋದು ಆಮೇಲೆ" ಎಂದು ಅವಳೇ ಹೇಳಿದಳು.

FINDಗೆ ಮೂರನೆಯ ಸಂಗತಿಯನ್ನೂ ಹೇಳಬಹುದು: ಎಷ್ಟನೆಯ ಸ್ಥಾನದಿಂದ ಹುಡುಕಲು ಶುರುಮಾಡಬೇಕು ಎಂದು. ಹೇಳದಿದ್ದರೆ ಅದು ಒಂದರಿಂದ ಶುರುಮಾಡುತ್ತದೆ. ಮುಚ್ಚುವ ಬ್ರಾಕೆಟ್ಟನ್ನು ಹುಡುಕಬೇಕಾದದ್ದು ತೆರೆಯುವುದು ಸಿಕ್ಕಿದ ಮೇಲೆ ತಾನೆ? ಹಾಗಾಗಿ C ಕಾಲಮ್ಮನ್ನು ಹೀಗೆ ತಿದ್ದಿದೆವು:

```
C2   =FIND(")",A2,B2)
```

ಎಲ್ಲಿಂದ ಹುಡುಕಲು ಶುರುಮಾಡಿದರೂ FIND ಹೇಳುವ ಸ್ಥಾನ ಮಾತ್ರ ಸಾಲಿನ ಮೊದಲಿನಿಂದಲೇ ಎಣಿಸಿದ್ದು. ಆದ್ದರಿಂದ ಕಳೆಯುವ ಲೆಕ್ಕ ಬದಲಾಗುವುದಿಲ್ಲ. ಅರಸೀಕೆರೆಗೆ 13 ಮತ್ತು 17 ಬಂದವು, ನಡುವೆ ಮೂರು, ASK. ನನ್ನ ಮಾತು ಕೇಳುವುದಾದರೆ ಕ್ರಮಸಂಖ್ಯೆ ಇರಲಿ ಬಿಡಲಿ ಈ ಮೂರನೆಯದನ್ನು ಯಾವಾಗಲೂ ಬರೆಯಿರಿ. ಒಂದೇ ಸೂತ್ರವಾಗಿ ಬೇಕಾದವರು ಇದನ್ನು ಇಟ್ಟುಕೊಳ್ಳಬಹುದು:

```
=MID(A2,FIND("(",A2)+1,
 FIND(")",A2,FIND("(",A2))-FIND("(",A2)-1)
```

ದೋಷ ಎಂದು ಕೂಗಿ ಹೇಳುವ ತಪ್ಪಿಗೆ ನಾನು ಹೆದರುವುದಿಲ್ಲ. ಹೆದರುವುದು ಸರಿಯಾದ ಉತ್ತರದಂತೆ ಬಂದು ಕೂರುವ ತಪ್ಪಿಗೆ. ಅದು ನಮಗೆ ಸಿಕ್ಕಿದ್ದು ಬೆಳಗಾವಿಯಲ್ಲಿ.

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು. ಅಂದಿನಿಂದ ಪಟ್ಟಿ ಮಾಡುವವರು ಹೊಸ ಹೆಸರಿನ ಪಕ್ಕ ಹಳೆಯದನ್ನೂ ಬ್ರಾಕೆಟ್ಟಿನಲ್ಲಿ ಬರೆಯುವುದು ರೂಢಿಯಾಯಿತು. ರೈಲ್ವೆಯ ಕೋಡುಗಳಾದರೋ ಬಹಳಷ್ಟು ಕಡೆ ಹಳೆಯ ಹೆಸರಿನವೇ ಉಳಿದುಕೊಂಡಿವೆ. ಬೆಳಗಾವಿ ಈಗಲೂ BGM. 2016ರಲ್ಲಿ ಸಂಗೊಳ್ಳಿ ರಾಯಣ್ಣನ ಹೆಸರು ಪಡೆದ ಬೆಂಗಳೂರಿನ ನಿಲ್ದಾಣ ಈಗಲೂ SBC. ಹೀಗಾಗಿ ಪಟ್ಟಿಯಲ್ಲಿ ಇಂಥ ಸಾಲುಗಳಿದ್ದವು:

```
ಬೆಳಗಾವಿ (ಬೆಳಗಾಂ) (BGM)
```

ನಮ್ಮ ಸೂತ್ರ ಇದಕ್ಕೆ "ಬೆಳಗಾಂ" ಎಂದು ಕೊಟ್ಟಿತ್ತು. ಎರಡು ಬ್ರಾಕೆಟ್‌ಗಳ ನಡುವಿನದೇ ಅದು, ಸೂತ್ರದ ಪ್ರಕಾರ ಸರಿ. ಕೆಂಪು ಗುರುತಿಲ್ಲ, #VALUE! ಇಲ್ಲ. ನಾನೂರು ಸಾಲಿನ ನಡುವೆ ಇದು ಕಣ್ಣಿಗೆ ಬೀಳುವುದು ಕಷ್ಟ.

ಇಂಥ ಸಾಲುಗಳನ್ನು ಹುಡುಕಲು ಒಂದು ಸರಳ ಉಪಾಯವಿದೆ. ಸೆಲ್‌ನಲ್ಲಿ ಎಷ್ಟು ತೆರೆಯುವ ಬ್ರಾಕೆಟ್‌ಗಳಿವೆ ಎಂದು ಎಣಿಸಿಬಿಡುವುದು. ನೇರವಾಗಿ ಎಣಿಸುವ ಸೂತ್ರವಿಲ್ಲ, ಆದರೆ ಬ್ರಾಕೆಟ್‌ಗಳನ್ನೆಲ್ಲ ತೆಗೆದುಹಾಕಿದ ಮೇಲೆ ಉದ್ದ ಎಷ್ಟು ಕಡಿಮೆಯಾಯಿತು ಎಂದು ನೋಡಿದರೆ ಅದೇ ಎಣಿಕೆ.

```
E2   =LEN(A2)-LEN(SUBSTITUTE(A2,"(",""))
```

SUBSTITUTE ಇಲ್ಲಿ ಪ್ರತಿ ತೆರೆಯುವ ಬ್ರಾಕೆಟ್ಟಿನ ಜಾಗಕ್ಕೆ ಏನೂ ಇಲ್ಲದ್ದನ್ನು ಇಡುತ್ತದೆ, ಅಂದರೆ ಅಳಿಸುತ್ತದೆ. ಅದೂ ಸೂತ್ರದೊಳಗೆ ಮಾತ್ರ, A ಕಾಲಮ್ಮಿನ ಮೂಲ ಪಠ್ಯ ಹಾಗೇ ಇರುತ್ತದೆ. E ಕಾಲಮ್ಮಿಗೆ ಫಿಲ್ಟರ್ ಹಾಕಿದಾಗ ಮೂರು ಬಗೆಯ ಸಂಖ್ಯೆ ಕಂಡವು. ಬಹುಪಾಲು 1. ಇಪ್ಪತ್ತು ಚಿಲ್ಲರೆ ಕಡೆ 2. ಐದಾರು ಕಡೆ 0, ಅಂದರೆ ಬ್ರಾಕೆಟ್ಟೇ ಇಲ್ಲ. ಯಾವ ಪಟ್ಟಿ ಕೈಗೆ ಬಂದರೂ ಕತ್ತರಿ ಹಿಡಿಯುವ ಮೊದಲು ಈ ಎಣಿಕೆ ಮಾಡುವುದನ್ನು ನಾನೀಗ ಬಿಡುವುದಿಲ್ಲ.

ಎರಡು ಜೋಡಿ ಇರುವ ಸಾಲುಗಳಲ್ಲಿ ಕೋಡು ಎರಡನೆಯದರಲ್ಲಿದೆ. ಎರಡನೆಯ ತೆರೆಯುವ ಬ್ರಾಕೆಟ್ ಎಂದರೆ, ಮೊದಲನೆಯದು ಸಿಕ್ಕ ಸ್ಥಾನದ ಮುಂದಿನಿಂದ ಹುಡುಕಿದಾಗ ಸಿಗುವುದು. ಮತ್ತೆ FINDನ ಮೂರನೆಯ ಸಂಗತಿಯೇ ನೆರವಿಗೆ ಬಂತು. ಆದರೆ ಒಂದೇ ಜೋಡಿ ಇರುವ ಸಾಲಿನಲ್ಲಿ ಎರಡನೆಯದನ್ನು ಹುಡುಕಿದರೆ ಸಿಗದೆ ದೋಷ ಬರುತ್ತದೆ. ಹಾಗಾದಾಗ ಮೊದಲನೆಯದನ್ನೇ ಇಟ್ಟುಕೋ ಎಂದು IFERROR ಮೂಲಕ ಹೇಳಿದೆವು:

```
B2   =IFERROR(FIND("(",A2,FIND("(",A2)+1),
     FIND("(",A2))
```

ಬೆಳಗಾವಿಯಲ್ಲಿ ಮೊದಲ ಬ್ರಾಕೆಟ್ 9ರಲ್ಲಿದೆ. 10ರಿಂದ ಮುಂದೆ ಹುಡುಕಿದರೆ 18ರಲ್ಲಿ ಇನ್ನೊಂದು. Cಯಲ್ಲಿ ಆ 18ರಿಂದ ಮುಂದೆ ಮುಚ್ಚುವುದನ್ನು ಹುಡುಕಿದಾಗ 22. ನಡುವೆ ಮೂರು, BGM. Cಯನ್ನಾಗಲಿ Dಯನ್ನಾಗಲಿ ಮುಟ್ಟಬೇಕಾಗಿ ಬರಲಿಲ್ಲ; Bಯೊಂದನ್ನು ತಿದ್ದಿದ್ದಕ್ಕೆ ಮಿಕ್ಕವೂ ಸರಿಹೋದವು.

ಇದಕ್ಕೂ ಮಿತಿಯಿದೆ. ಒಂದು ಸಾಲಿನಲ್ಲಿ ಯಾರೋ ಕೋಡನ್ನು ಮೊದಲು, ಹಳೆಯ ಹೆಸರನ್ನು ಆಮೇಲೆ ಬರೆದಿದ್ದರು. ಅಲ್ಲಿ ಸೂತ್ರ ಗುಲ್ಬರ್ಗಾ ಎಂದು ಕತ್ತರಿಸಿ ತಂದಿತು. FIND ಸ್ಥಾನವನ್ನಷ್ಟೇ ಬಲ್ಲದು, ಅದರೊಳಗಿರುವುದು ಕೋಡೋ ಊರೋ ಎಂದು ಅದಕ್ಕೆ ತಿಳಿಯದು. ಬ್ರಾಕೆಟ್ಟಿನೊಳಗೆ ಇನ್ನೊಂದು ಬ್ರಾಕೆಟ್ ಇದ್ದರೂ ಹೀಗೆಯೇ. ಯಾವುದು ಯಾವುದರ ಜೋಡಿ ಎಂದು ಅದು ನೋಡುವುದಿಲ್ಲ, ಮೊದಲು ಸಿಕ್ಕ ಮುಚ್ಚುವ ಬ್ರಾಕೆಟ್ಟಿಗೇ ನಿಲ್ಲುತ್ತದೆ. ಇಂಥವನ್ನು ಹಿಡಿಯಲು ಇನ್ನೊಂದು ಕಾಲಮ್ಮಿನಲ್ಲಿ =LEN(D2) ಬರೆದು ಫಿಲ್ಟರ್ ಮಾಡಿದೆವು. ನಮ್ಮ ಪಟ್ಟಿಯ ಕೋಡುಗಳೆಲ್ಲ ಎರಡರಿಂದ ನಾಲ್ಕು ಅಕ್ಷರದವು. ಗುಲ್ಬರ್ಗಾದ ಎದುರು 9 ಎಂದು ಬಂದು ಅದು ತಾನಾಗಿಯೇ ಸಿಕ್ಕಿಬಿತ್ತು.

ಆದರೆ ಅದೇ ಫಿಲ್ಟರಿನಲ್ಲಿ ತುಮಕೂರಿನ ಇನ್ನೊಂದು ಸಾಲಿನ ಎದುರು 4 ಎಂದು ಕಂಡಿತು. ಕಣ್ಣಿಗೆ TK ಎಂದೇ ಕಾಣುತ್ತಿದೆ, ಉದ್ದ ಮಾತ್ರ ನಾಲ್ಕು. ಬ್ರಾಕೆಟ್ಟಿನ ಒಳಗೆ ಎರಡೂ ಪಕ್ಕದಲ್ಲಿ ಒಂದೊಂದು ಖಾಲಿ ಜಾಗ ಬಿಟ್ಟು ಬರೆದಿದ್ದರು. ಹೀಗೆ ಬಿಟ್ಟರೆ ಮುಂದೆ ಈ ಕೋಡನ್ನು ಇನ್ನೊಂದು ಹಾಳೆಯ ಕೋಡಿನೊಂದಿಗೆ VLOOKUPನಲ್ಲಿ ಹೋಲಿಸುವಾಗ ಸಿಗುವುದಿಲ್ಲ, ಏಕೆ ಎಂದೂ ತಿಳಿಯುವುದಿಲ್ಲ. ಅಕ್ಕಪಕ್ಕದ ಖಾಲಿ ಜಾಗವನ್ನು ತೆಗೆಯುವುದು TRIM. ಅದನ್ನು ಹೊದಿಸಿದರೂ ಎರಡು ಸಾಲುಗಳಲ್ಲಿ ಉದ್ದ ಹಾಗೇ ಉಳಿಯಿತು. ಅವು ಅಂತರ್ಜಾಲದ ಪುಟದಿಂದ ನಕಲು ಮಾಡಿ ತಂದವು. ಅಂಥ ಪುಟಗಳಲ್ಲಿ ಸಾಲು ಮುರಿಯದಂತೆ ತಡೆಯಲು ಬೇರೆ ಬಗೆಯ ಖಾಲಿ ಜಾಗವನ್ನು ಬಳಸಿರುತ್ತಾರೆ. ನೋಡಲು ಎರಡೂ ಒಂದೇ, ಆದರೆ ಅದರ ಯುನಿಕೋಡ್ ಸಂಖ್ಯೆ 160. TRIM ಅದನ್ನು ಮುಟ್ಟುವುದಿಲ್ಲ. ಮೊದಲು ಅದನ್ನು ಮಾಮೂಲಿ ಖಾಲಿ ಜಾಗವಾಗಿ ಬದಲಿಸಿ, ಆಮೇಲೆ TRIM ಮಾಡಬೇಕು:

```
D2   =TRIM(SUBSTITUTE(MID(A2,B2+1,C2-B2-1),
     UNICHAR(160)," "))
```

UNICHAR ಎಕ್ಸೆಲ್ 2013ರಿಂದ ಈಚೆಗಿದೆ. ಅದಕ್ಕಿಂತ ಹಳೆಯ ಆವೃತ್ತಿ ಇರುವ ವಿಂಡೋಸ್ ಯಂತ್ರದಲ್ಲಿ CHAR(160) ಬರೆದರೆ ಆಗುತ್ತದೆ.

ಬ್ರಾಕೆಟ್ಟೇ ಇಲ್ಲದ ಐದಾರು ಸಾಲುಗಳ ವಿಚಾರ ಉಳಿದಿತ್ತು. ಅಲ್ಲಿ FIND ಹುಡುಕಿದ್ದು ಸಿಗದೆ #VALUE! ಎನ್ನುತ್ತಿತ್ತು. "ಇದನ್ನೂ IFERROR ಹಾಕಿ ಖಾಲಿ ಮಾಡಿಬಿಡ್ಲಾ ಚಿಕ್ಕಪ್ಪ? ನೋಡೋಕೆ ಚೆನ್ನಾಗಿರಲ್ಲ" ಎಂದಳು. ಬೇಡ ಎಂದೆ. ಬ್ರಾಕೆಟ್ ಇಲ್ಲದ ಸಾಲು, ತೆರೆದು ಮುಚ್ಚದೆ ಬಿಟ್ಟ ಸಾಲು, ನಾವೇ ಸೂತ್ರದಲ್ಲಿ ಮಾಡಿದ ತಪ್ಪು, ಇವೆಲ್ಲವನ್ನೂ IFERROR ಒಂದೇ ಕಂಬಳಿಯಡಿ ಮುಚ್ಚಿಬಿಡುತ್ತದೆ. ಪಟ್ಟಿಯ ಕೆಲಸ ಮುಗಿಯುವ ತನಕ ದೋಷ ಕಣ್ಣೆದುರಿಗೇ ಇರಲಿ. ಫಿಲ್ಟರಿನಲ್ಲಿ #VALUE! ಆಯ್ದು ಒಂದೊಂದನ್ನೇ ನೋಡಿ. ನಾವು ನೋಡಿದಾಗ ಮೂರು ಸಾಲುಗಳಲ್ಲಿ ಕೋಡೇ ಇರಲಿಲ್ಲ, ಒಂದರಲ್ಲಿ ದುಂಡನೆಯ ಬ್ರಾಕೆಟ್ಟಿನ ಬದಲು ಚೌಕದ್ದು ಇತ್ತು, ಇನ್ನೊಂದರಲ್ಲಿ ಮುಚ್ಚುವುದನ್ನು ಮರೆತಿದ್ದರು. ಇವಕ್ಕೆ ಸೂತ್ರ ಹೊಸೆಯುವ ಬದಲು ಮೂಲ ಸೆಲ್‌ನಲ್ಲೇ ತಿದ್ದುವುದು ಸುಲಭ. ತಿದ್ದಿದ ಮರುಕ್ಷಣ ಪಕ್ಕದಲ್ಲಿ ಕೋಡು ಮೂಡಿತು.

ಒಂದೇ ಸೆಲ್‌ನಲ್ಲಿ ಉದ್ದನೆಯ ಸೂತ್ರ ಬರೆದಿದ್ದು, ಎಲ್ಲಿ ಕೆಟ್ಟಿದೆ ಎಂದು ತಿಳಿಯದಿದ್ದರೆ ಸೂತ್ರಪಟ್ಟಿಯಲ್ಲಿ ಒಳಗಿನ ಒಂದು ತುಣುಕನ್ನು, ಉದಾಹರಣೆಗೆ FIND("(",A2) ಎಂಬಷ್ಟನ್ನೇ, ಮೌಸಿನಿಂದ ಆಯ್ದು F9 ಒತ್ತಿ. ಆ ತುಣುಕಿನ ಜಾಗದಲ್ಲಿ ಅದರ ಉತ್ತರ ಕಾಣುತ್ತದೆ. ನೋಡಿದ ಮೇಲೆ ಎಂಟರ್ ಒತ್ತಬೇಡಿ, Esc ಒತ್ತಿ ಹೊರಬನ್ನಿ. ಎಂಟರ್ ಒತ್ತಿದರೆ ಆ ಸಂಖ್ಯೆಯೇ ಸೂತ್ರದಲ್ಲಿ ಅಚ್ಚಾಗಿ ಉಳಿದುಬಿಡುತ್ತದೆ.

ಬ್ರಾಕೆಟ್ಟಿನೊಳಗೆ ಇರುವುದು ಹಣದ ಲೆಕ್ಕವಾದರೆ ಇನ್ನೊಂದು ಮಾತು. ಮದುವೆಯ ಮುಯ್ಯಿಯನ್ನೋ ಜಾತ್ರೆಯ ದೇಣಿಗೆಯನ್ನೋ ಹೆಸರಿನ ಮುಂದೆ ಬ್ರಾಕೆಟ್ಟಿನಲ್ಲಿ ಬರೆದಿಟ್ಟವರು ಬಹಳ ಜನ. MID ಕೊಡುವುದು ಯಾವಾಗಲೂ ಪಠ್ಯವನ್ನೇ, ಅಂಕಿಯನ್ನಲ್ಲ. 501 ಎಂದು ಕಂಡರೂ ಅದು ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತದೆ, ಕಾಲಮ್ಮಿಗೆ SUM ಹಾಕಿದರೆ ಸೊನ್ನೆ ಬರುತ್ತದೆ. VALUE ಎಂಬುದನ್ನು ಹೊದಿಸಿದರೆ ಅಂಕಿಯಾಗುತ್ತದೆ. ನಮ್ಮ ರೂಢಿಯಂತೆ 501/- ಎಂದು ಬರೆದಿದ್ದರೆ VALUE ಕೂಡ ಒಪ್ಪುವುದಿಲ್ಲ, ಮೊದಲು ಆ ಬಾಲವನ್ನು ತೆಗೆಯಬೇಕು:

```
=VALUE(SUBSTITUTE(D2,"/-",""))
```

ಪಿನ್‌ಕೋಡು, ಫೋನ್ ನಂಬರುಗಳನ್ನು ಮಾತ್ರ ಪಠ್ಯವಾಗಿಯೇ ಬಿಡಿ. ಅವನ್ನು ಯಾರೂ ಕೂಡಿಸುವುದಿಲ್ಲ, ಮೊದಲ ಸೊನ್ನೆ ಇದ್ದರೆ ಅಂಕಿ ಮಾಡಿದಾಗ ಅದು ಹಾರಿಹೋಗುತ್ತದೆ.

ಮೈಕ್ರೊಸಾಫ್ಟ್ 365 ಮತ್ತು ಎಕ್ಸೆಲ್ 2024 ಇರುವವರಿಗೆ ಇದಕ್ಕಿಂತ ಚಿಕ್ಕ ದಾರಿಯಿದೆ. TEXTAFTER ತೆರೆಯುವ ಬ್ರಾಕೆಟ್ಟಿನ ಆಚೆಯದನ್ನೂ, TEXTBEFORE ಮುಚ್ಚುವುದರ ಈಚೆಯದನ್ನೂ ಕೊಡುತ್ತವೆ. ಒಂದರೊಳಗೊಂದು ಇಟ್ಟರೆ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ.

```
=TEXTBEFORE(TEXTAFTER(A2,"("),")")
```

ಆದರೆ ಅವಳ ಕಚೇರಿಯಲ್ಲಿ ಇರುವುದು ಎಕ್ಸೆಲ್ 2016. ಅಲ್ಲಿ ಇದನ್ನು ಬರೆದರೆ #NAME? ಎನ್ನುತ್ತದೆ. MID ಮತ್ತು FIND ಹಳೆಯ ಎಕ್ಸೆಲ್‌ನಲ್ಲೂ, ಗೂಗಲ್ ಶೀಟ್ಸ್‌ನಲ್ಲೂ, ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೂ ಇದೇ ರೀತಿ ನಡೆಯುತ್ತವೆ. FINDಗೆ SEARCH ಎಂಬ ತಂಗಿಯೊಬ್ಬಳಿದ್ದಾಳೆ. ಎಕ್ಸೆಲ್‌ನಲ್ಲಿ ಬ್ರಾಕೆಟ್ ಹುಡುಕಲು ಆಕೆಯೂ ಆದಾಳು. ಆದರೆ ಲಿಬ್ರೆಆಫೀಸ್‌ನಲ್ಲಿ ಕೆಲವು ಸೆಟ್ಟಿಂಗ್‌ಗಳಿದ್ದಾಗ SEARCH ದುಂಡು ಬ್ರಾಕೆಟ್ಟನ್ನು ಹುಡುಕುವ ವಿನ್ಯಾಸದ ಭಾಗವೆಂದು ತಿಳಿದುಬಿಡುತ್ತದೆ. FIND ಬರೆದದ್ದನ್ನು ಬರೆದಂತೆಯೇ ಹುಡುಕುತ್ತದೆ.

ರಾತ್ರಿ ಒಂಬತ್ತರ ಹೊತ್ತಿಗೆ D ಕಾಲಮ್ಮು ತುಂಬಿತ್ತು. ಅವಳು ಖುಷಿಯಿಂದ "ಇನ್ನು A ಕಾಲಮ್ ಬೇಡ" ಎಂದು ಅದನ್ನು ಅಳಿಸಿದಳು. ಮರುಕ್ಷಣ ಹಾಳೆಯ ತುಂಬ #REF!. D ನಿಂತಿದ್ದೇ A, B, C ಕಾಲಮ್ಮುಗಳ ಮೇಲೆ. Ctrl+Z ಒತ್ತಿ ಹಿಂದಕ್ಕೆ ಬಂದು, D ಕಾಲಮ್ಮನ್ನು ನಕಲು ಮಾಡಿ, ಅದರ ಮೇಲೆಯೇ ಪೇಸ್ಟ್ ಸ್ಪೆಷಲ್‌ನಲ್ಲಿ Values ಆಯ್ದು ಅಂಟಿಸಿದೆವು. ಸೂತ್ರ ಹೋಗಿ ಬರೀ ಕೋಡು ಉಳಿಯಿತು. ಅಷ್ಟರಲ್ಲಿ ಅವಳಿಗೆ ನಿಲ್ದಾಣದ ಹೆಸರೂ ಬೇರೆಯಾಗಿ ಬೇಕು ಎಂದು ನೆನಪಾಯಿತು. ನಾನು ಬಾಯಿ ತೆರೆಯುವ ಮೊದಲೇ ಹೊಸ ಕಾಲಮ್ಮೊಂದರಲ್ಲಿ ತಾನೇ ಬರೆದಳು. ಎಡಗಡೆಯಿಂದ ಶುರುವಾಗಿ ಮೊದಲ ಬ್ರಾಕೆಟ್ಟಿಗೆ ಒಂದು ಹೆಜ್ಜೆ ಹಿಂದೆ ನಿಲ್ಲುವಂತೆ, ಕೊನೆಯ ಖಾಲಿ ಜಾಗವನ್ನೂ ತೆಗೆಯುವಂತೆ:

```
=TRIM(LEFT(A2,FIND("(",A2)-1))
```